‘ಇಲ್ಲಾ’ ಬಂದ ಮೇಲೆ ಯಾವ ವಿಭಕ್ತಿ? ಅರಬ್ಬಿ ಕಲಿಯುವವರಿಗೆ

‘ಝೈದನನ್ನು ಬಿಟ್ಟು ಎಲ್ಲರೂ ಬಂದರು’, ‘ಝೈದನನ್ನು ಬಿಟ್ಟು ಯಾರೂ ಬರಲಿಲ್ಲ’. ಕನ್ನಡದಲ್ಲಿ ಎರಡು ಕಡೆಯೂ ‘ಅನ್ನು’ ಪ್ರತ್ಯಯವೇ. ಇದೇ ರೂಢಿಯಲ್ಲಿ, ‘ಹೊರತು’ ಎಂಬ ಅರ್ಥ ಕೊಡುವ ಅರಬ್ಬಿಯ ‘ಇಲ್ಲಾ’ ನಂತರದ ನಾಮಪದಕ್ಕೂ ಎಲ್ಲೆಡೆ ನಸ್ಬ್, ಅಂದರೆ ದ್ವಿತೀಯಾ ವಿಭಕ್ತಿ ಹಾಕಿದರೆ ಮೊದಲ ವಾಕ್ಯ ಸರಿಹೋಗುತ್ತದೆ, ಎರಡನೆಯದು ಕೆಡಬಹುದು.

ಮೊದಲು ವಾಕ್ಯದಲ್ಲಿ ನಿಷೇಧವಿದೆಯೇ ನೋಡಿ. ಇಲ್ಲದೆ, ಯಾವ ಗುಂಪಿನಿಂದ ಹೊರಗಿಡುತ್ತಿದ್ದೇವೋ ಅದರ ಹೆಸರೂ ಇದ್ದರೆ ನಸ್ಬ್ ಕಡ್ಡಾಯ: ‘ಜಾಅಲ್ ಕೌಮು ಇಲ್ಲಾ ಝೈದನ್’ (ಝೈದ್ ಬಿಟ್ಟು ಜನರೆಲ್ಲ ಬಂದರು). ‘ಕೌಮು’ ಕರ್ತೃಪದವಾಗಿ ಪ್ರಥಮೆಯಲ್ಲಿದ್ದರೂ ಝೈದನಿಗೆ ಅದು ತಗಲುವುದಿಲ್ಲ.

ನಿಷೇಧವಿದ್ದರೆ ಗುಂಪಿನ ಹೆಸರು ಇದೆಯೇ ಎಂದು ಹುಡುಕಿ. ಇದ್ದರೆ ಎರಡು ದಾರಿ. ‘ಮಾ ಜಾಅಲ್ ಕೌಮು ಇಲ್ಲಾ ಝೈದುನ್’ ಎನ್ನುವಾಗ ಝೈದ್ ಗುಂಪಿನ ವಿಭಕ್ತಿಯನ್ನೇ ತಾಳುತ್ತಾನೆ. ವ್ಯಾಕರಣಕಾರರು ಇದನ್ನು ‘ಬದಲ್’ ಎನ್ನುತ್ತಾರೆ, ಹೆಚ್ಚು ಒಪ್ಪಿತವಾದದ್ದೂ ಇದೇ. ‘ಝೈದನ್’ ಎಂದರೂ ತಪ್ಪಲ್ಲ. ನಿಷೇಧದ ಅರ್ಥ ಕೊಡುವ ಪ್ರಶ್ನೆಗೂ ‘ಬೇಡ’ ಎಂಬ ಆಜ್ಞೆಗೂ ಇದೇ ನಿಯಮ.

ಕುರ್‌ಆನಿನ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. 2:249ರಲ್ಲಿ ತಾಲೂತನ ಸೈನಿಕರು ನದಿಯ ನೀರು ಕುಡಿದರು, ಕೆಲವರನ್ನು ಬಿಟ್ಟು: ‘ಫಶರಿಬೂ ಮಿನ್ಹು ಇಲ್ಲಾ ಕಲೀಲನ್ ಮಿನ್ಹುಮ್’. ನಿಷೇಧವಿಲ್ಲ, ಹಾಗಾಗಿ ‘ಕಲೀಲನ್’. 4:66ರಲ್ಲಿ ‘ಮಾ ಫಅಲೂಹು ಇಲ್ಲಾ ಕಲೀಲುನ್ ಮಿನ್ಹುಮ್’, ಕೆಲವರ ಹೊರತು ಯಾರೂ ಅದನ್ನು ಮಾಡುತ್ತಿರಲಿಲ್ಲ. ‘ಮಾ’ ಬಂದದ್ದರಿಂದ ‘ಕಲೀಲುನ್’. ಕ್ರಿಯಾಪದದ ಕೊನೆಯ ‘ಊ’ ಇಲ್ಲಿ ಗುಂಪು, ಅದು ಕರ್ತೃ. ಏಳು ಪ್ರಸಿದ್ಧ ಪಾಠಕರಲ್ಲಿ ಒಬ್ಬರಾದ ದಮಾಸ್ಕಸ್‌ನ ಇಬ್ನ್ ಆಮಿರ್ ಇದನ್ನೇ ‘ಕಲೀಲನ್’ ಎಂದು ಓದಿದ್ದಾರೆ. ಎರಡನೆಯ ದಾರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಗುಂಪಿನ ಹೆಸರೇ ಇಲ್ಲದಿದ್ದರೆ ‘ಮಾ’ ಮತ್ತು ‘ಇಲ್ಲಾ’ ಎರಡನ್ನೂ ಬೆರಳಿನಿಂದ ಮುಚ್ಚಿ, ಉಳಿದದ್ದನ್ನು ಓದಿ. ‘ಮಾ ಜಾಅ ಇಲ್ಲಾ ಝೈದುನ್’ನಲ್ಲಿ ಉಳಿಯುವುದು ‘ಜಾಅ ಝೈದುನ್’, ಝೈದ್ ಕರ್ತೃ. ‘ಮಾ ರಐತು ಇಲ್ಲಾ ಝೈದನ್’ನಲ್ಲಿ (ಝೈದನನ್ನಷ್ಟೇ ಕಂಡೆ) ಅವನು ಕರ್ಮ. ‘ಮಾ ಮರರ್ತು ಇಲ್ಲಾ ಬಿಝೈದಿನ್’ನಲ್ಲಿ ‘ಬಿ’ ಎಂಬ ಅವ್ಯಯ ಜರ್ರ್, ಅಂದರೆ ‘ಇನ್’ ಎಂದು ಕೊನೆಯಾಗುವ ವಿಭಕ್ತಿಯನ್ನು ತರುತ್ತದೆ. ಇಲ್ಲಿ ಆಯ್ಕೆಯಿಲ್ಲ: ‘ಮಾ ಜಾಅ ಇಲ್ಲಾ ಝೈದನ್’ ಎಂದರೆ ಬಂದವರು ಯಾರು ಎಂಬ ಜಾಗ ಖಾಲಿ ಬೀಳುತ್ತದೆ. ಸ್ವರಚಿಹ್ನೆ ಹಾಕದ ಬರಹದಲ್ಲೂ ಈ ತಪ್ಪು ಅಡಗುವುದಿಲ್ಲ, ‘ಝೈದನ್’ ಬರೆಯಲು ಕೊನೆಗೊಂದು ಅಲಿಫ್ ಬೇಕಲ್ಲ!

ಹೊರಗಿಟ್ಟದ್ದು ಗುಂಪಿಗೆ ಸೇರಿದ್ದೇ ಅಲ್ಲದಿದ್ದರೆ, ‘ಮಾ ಜಾಅಲ್ ಕೌಮು ಇಲ್ಲಾ ಹಿಮಾರನ್’ (ಜನ ಬರಲಿಲ್ಲ, ಕತ್ತೆಯೊಂದು ಬಂತು) ಎಂಬಲ್ಲಿ ನಿಷೇಧವಿದ್ದರೂ ಹಿಜಾಝ್‌ನವರ ರೂಢಿ ನಸ್ಬ್ ಮಾತ್ರ. ತಮೀಮ್ ಬುಡಕಟ್ಟಿನವರು ಇಲ್ಲಿಯೂ ‘ಹಿಮಾರುನ್’ ಎನ್ನುತ್ತಿದ್ದರು.