ರಜೆ ಮೆಸೇಜ್ ಕಾಯುತ್ತಿದ್ದ ರಾತ್ರಿ ಗ್ರೂಪಿಗೆ ಬಂದ ವಿಡಿಯೊ

ನಾನು ಹೊಸನಗರ ತಾಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯ ಟೀಚರ್. ಐದರಿಂದ ಏಳನೇ ಕ್ಲಾಸಿನ ಪೋಷಕರ ವಾಟ್ಸಾಪ್ ಗ್ರೂಪ್ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ. ಅದರಲ್ಲಿ 64 ಜನ ಇದ್ದಾರೆ. ಬೇರೆ ತಿಂಗಳಲ್ಲಿ ಹೋಂವರ್ಕ್ ಫೋಟೊ, ಹಾಜರಿ, ಬಿಸಿಯೂಟ, ಅಷ್ಟೇ. ಜುಲೈನಲ್ಲಿ ಮಾತ್ರ ಕತೆ ಬೇರೆ. ಮಳೆ ಜೋರಾದ ರಾತ್ರಿ ಎಂಟು ಗಂಟೆ ಮೇಲೆ ಎಲ್ಲರೂ ಗ್ರೂಪ್ ತೆರೆದು ಕೂತಿರುತ್ತಾರೆ. ನಾಳೆ ರಜೆ ಇದೆಯೋ ಇಲ್ಲವೋ ಅಂತ. ಫೋನ್ ಅಪ್ಪನದ್ದೇ ಆದರೂ ಆ ಹೊತ್ತಿಗೆ ಅದು ಇರುವುದು ಮಕ್ಕಳ ಕೈಯಲ್ಲಿ.

ಅಂಥದ್ದೇ ಒಂದು ರಾತ್ರಿ, 8 ಗಂಟೆ 37 ನಿಮಿಷಕ್ಕೆ, ಒಬ್ಬ ತಂದೆಯ ನಂಬರಿನಿಂದ ಗ್ರೂಪಿಗೆ ಒಂದು ಅಶ್ಲೀಲ ವಿಡಿಯೊ ಬಂತು.

ನಮ್ಮ ಮನೆಯಲ್ಲಿ ಕರೆಂಟ್ ಇರಲಿಲ್ಲ. ಕರೆಂಟ್ ಹೋದರೆ ವೈಫೈಯೂ ಹೋಗುತ್ತದೆ. ಮೊಬೈಲ್ ಸಿಗ್ನಲ್ ಬೇಕು ಅಂದರೆ ಜಗಲಿಯ ಮೂಲೆಯ ಕಂಬದ ಹತ್ತಿರ ನಿಲ್ಲಬೇಕು. ಒಬ್ಬ ತಾಯಿ ಫೋನ್ ಮಾಡಿ, "ಮೇಡಂ, ಗ್ರೂಪ್ ನೋಡಿ ಬೇಗ" ಅಂದಾಗ 8:50 ಆಗಿತ್ತು. ಹದಿಮೂರು ನಿಮಿಷ ಅದು ಅಲ್ಲೇ ಇತ್ತು.

ಕಂಬದ ಹತ್ತಿರ ನಿಂತು ತೆರೆದೆ. ವಿಡಿಯೊ ಪ್ಲೇ ಮಾಡುವ ಅಗತ್ಯ ಬೀಳಲಿಲ್ಲ, ಮೇಲಿನ ಚಿತ್ರವೇ ಸಾಕಿತ್ತು. ಮೆಸೇಜನ್ನು ಒತ್ತಿ ಹಿಡಿದು, ಮೇಲೆ ಬರುವ ಕಸದ ಬುಟ್ಟಿಯ ಗುರುತು ಮುಟ್ಟಿದೆ. ಎರಡು ಆಯ್ಕೆ ಬಂದವು: Delete for everyone ಮತ್ತು Delete for me. ಅಡ್ಮಿನ್ ಆದವರಿಗೆ ಬೇರೆಯವರು ಹಾಕಿದ್ದನ್ನೂ ಎಲ್ಲರಿಗೂ ಅಳಿಸುವ ಅವಕಾಶ 2022ರಿಂದ ಇದೆ. ಮೊದಲನೆಯದನ್ನು ಒತ್ತಿದೆ. ಆ ಜಾಗದಲ್ಲಿ ಮೆಸೇಜ್ ಅಳಿಸಲಾಗಿದೆ ಅನ್ನುವ ಸಾಲು, ಅಳಿಸಿದ್ದು ಅಡ್ಮಿನ್ ಅಂತ ನನ್ನ ಹೆಸರಿನ ಜೊತೆ ಬಂತು.

ಆ ತಂದೆ ಯಾಕೆ ತಾವೇ ಅಳಿಸಲಿಲ್ಲ ಅಂತ ನನಗೆ ಮೊದಲು ಸಿಟ್ಟು ಬಂದಿತ್ತು. ಆಮೇಲೆ ಗೊತ್ತಾಯಿತು, ಅವರು ಅಳಿಸಿದ್ದರು. ಗಾಬರಿಯಲ್ಲಿ Delete for me ಒತ್ತಿಬಿಟ್ಟಿದ್ದರು. ಅದನ್ನು ಒತ್ತಿದರೆ ಅವರ ಫೋನಿನಲ್ಲಿ ಮಾತ್ರ ಹೋಗುತ್ತದೆ, ಉಳಿದ 63 ಜನರ ಹತ್ತಿರ ಹಾಗೇ ಇರುತ್ತದೆ. ಒತ್ತಿದ ಕೂಡಲೇ ಕೆಳಗೆ Undo ಅಂತ ಕೆಲವು ಸೆಕೆಂಡು ಕಾಣಿಸುತ್ತದೆ. ಅಷ್ಟರೊಳಗೆ ಒತ್ತಿದರೆ ಮೆಸೇಜ್ ವಾಪಸ್ ಬರುತ್ತದೆ, ಆಗ ಸರಿಯಾಗಿ ಅಳಿಸಬಹುದು. ಆ ಕ್ಷಣ ತಪ್ಪಿದರೆ ಕಳಿಸಿದವರ ಕೈಯಲ್ಲಿ ಏನೂ ಉಳಿಯುವುದಿಲ್ಲ, ಅಡ್ಮಿನ್ ಒಬ್ಬರೇ ದಾರಿ. ಅಡ್ಮಿನ್ನೂ ಅವಸರದಲ್ಲಿ ಅದೇ ತಪ್ಪು ಮಾಡಿದರೆ ಮುಗಿಯಿತು. ಹಾಗಾಗಿ ಆ ಎರಡು ಸಾಲನ್ನು ಒಂದು ಉಸಿರು ತೆಗೆದುಕೊಂಡು ಓದಿ ಒತ್ತಬೇಕು.

ವಿಡಿಯೊ ಹೋಯಿತು ಅಂದುಕೊಂಡೆ. ಪೂರ್ತಿ ಹೋಗಿರಲಿಲ್ಲ. ಮೂವರು ಅದಕ್ಕೆ ರಿಪ್ಲೈ ಮಾಡಿದ್ದರು. "ಏನ್ರೀ ಇದು ಅಸಹ್ಯ" ಅಂತ ಒಬ್ಬರು, ಕೈ ಮುಗಿಯುವ ಚಿತ್ರ ಒಬ್ಬರು. ಮೂಲ ಮೆಸೇಜ್ ಅಳಿಸಿದರೂ ರಿಪ್ಲೈಯ ಮೇಲ್ಭಾಗದಲ್ಲಿ ಆ ವಿಡಿಯೊದ ಪುಟ್ಟ ಚಿತ್ರ ಉಳಿದಿತ್ತು. ಮೂರನ್ನೂ ಒಂದೊಂದಾಗಿ ಅಳಿಸಬೇಕಾಯಿತು. ಅಳಿಸಿದ ಜಾಗದಲ್ಲಿ ಆ ಮೂವರ ಹೆಸರೂ ಇರುತ್ತದಲ್ಲ, ನೋಡಿದವರಿಗೆ ಇವರೂ ಏನೋ ಕೆಟ್ಟದ್ದು ಹಾಕಿದ್ದರು ಅನ್ನಿಸುತ್ತದೆ. ಹಾಗಾಗಿ ಮೂವರಿಗೂ ಒಂದು ಸಾಲು ಕಳಿಸಿದೆ: ನಿಮ್ಮದೇನೂ ತಪ್ಪಿಲ್ಲ, ಚಿತ್ರ ಕಾಣುತ್ತಿತ್ತು, ಅದಕ್ಕೇ ತೆಗೆದೆ.

ಆಮೇಲೆ ಗ್ರೂಪಿಗೆ ಬೀಗ. ಗ್ರೂಪ್ ಹೆಸರು ಮುಟ್ಟಿ, Group permissions ಒಳಗೆ Send new messages ಆಫ್ ಮಾಡಿದರೆ ಅಡ್ಮಿನ್ ಮಾತ್ರ ಬರೆಯಬಹುದು. ಅಳಿಸುವುದಕ್ಕಿಂತ ಮೊದಲು ಬೀಗ ಹಾಕಬಾರದಾ ಅಂತ ನಮ್ಮ ಹೆಡ್‌ಮಾಸ್ಟರ್ ಕೇಳಿದರು. ಇಲ್ಲ. ಬೀಗ ಹುಡುಕುವ ಅರ್ಧ ನಿಮಿಷದಲ್ಲಿ ಇನ್ನೂ ನಾಲ್ಕು ಮಕ್ಕಳು ನೋಡುತ್ತಾರೆ.

ಈಗ ಎಚ್ಚರಿಕೆಯ ಮಾತು. ನಾನು ಮೊದಲು ಬರೆದದ್ದು ಹೀಗಿತ್ತು: "ಗ್ರೂಪಿನಲ್ಲಿ ಅಸಭ್ಯ ವಿಷಯ ಹಂಚುವವರ ವಿರುದ್ಧ ಕಠಿಣ ಕ್ರಮ ಕೈಗೊಳ್ಳಲಾಗುವುದು!!!" ಕಳಿಸುವ ಮುಂಚೆ ನಮ್ಮ ಯಜಮಾನರಿಗೆ ತೋರಿಸಿದೆ. "ಇದೆಂಥ ಮಾರಾಯ್ತಿ, ತಹಶೀಲ್ದಾರ್ ನೋಟೀಸಾ?" ಅಂದರು. ಅಳಿಸಿ ಮತ್ತೆ ಬರೆದೆ:

"ಪೋಷಕರೇ, ಈಗ ಸ್ವಲ್ಪ ಹೊತ್ತಿಗೆ ಮುಂಚೆ ಗ್ರೂಪಿಗೆ ಬರಬಾರದ ಒಂದು ವಿಡಿಯೊ ಬಂದಿತ್ತು. ಅದನ್ನು ತೆಗೆದಿದ್ದೇನೆ. ನಿಮ್ಮ ಫೋನಿನ ಗ್ಯಾಲರಿಯಲ್ಲಿ ಉಳಿದಿದ್ದರೆ ದಯವಿಟ್ಟು ಅಲ್ಲಿಂದಲೂ ಅಳಿಸಿ, ಯಾರಿಗೂ ಕಳಿಸಬೇಡಿ. ಈ ಗ್ರೂಪನ್ನು ಮಕ್ಕಳೂ ನೋಡುತ್ತಾರೆ. ಇವತ್ತು ರಾತ್ರಿ ಗ್ರೂಪಿನಲ್ಲಿ ನಾನು ಮಾತ್ರ ಬರೆಯುವ ಹಾಗೆ ಮಾಡಿದ್ದೇನೆ. ರಜೆ ವಿಷಯ ಗೊತ್ತಾದ ಕೂಡಲೇ ಹಾಕುತ್ತೇನೆ."

ಇದರಲ್ಲಿ ಹೆಸರಿಲ್ಲ. ಅಳಿಸಿದ ಸಾಲಿನ ಮೇಲೆ ಅವರ ಹೆಸರು ಹೇಗೂ ಕಾಣುತ್ತದೆ, ನಾನು ಬೇರೆ ಹೇಳಬೇಕಾ? "ಒಬ್ಬ ಪೋಷಕರು" ಅಂತಲೂ ಬರೆಯಲಿಲ್ಲ. ಹಾಗೆ ಬರೆದರೆ ನೋಡದೇ ಇದ್ದವರೂ ಯಾರು ಯಾರು ಅಂತ ಹುಡುಕಲು ಹೊರಡುತ್ತಾರೆ. ಗ್ಯಾಲರಿ ವಿಷಯ ಬರೆದದ್ದಕ್ಕೆ ಕಾರಣ ಇದೆ. ಗ್ರೂಪಿನಲ್ಲಿ ಅಳಿಸಿದ್ದು ಎಲ್ಲ ಫೋನಿನಿಂದಲೂ ಹೋಗುತ್ತದೆ ಅನ್ನುವಂತಿಲ್ಲ. ಐಫೋನಿನಲ್ಲಿ ಫೋಟೊಗಳ ಜೊತೆ ಸೇವ್ ಆಗಿದ್ದರೆ ಅದು ಉಳಿಯಬಹುದು. ಯಾರಾದರೂ ಆಗಲೇ ಬೇರೆಡೆಗೆ ಫಾರ್ವರ್ಡ್ ಮಾಡಿದ್ದರೆ ಅದಂತೂ ನಮ್ಮ ಕೈಗೆ ಸಿಗುವುದಿಲ್ಲ. ಯಾರ್‍ಯಾರು ನೋಡಿದರು ಅಂತ ತಿಳಿಯುವ ದಾರಿಯೂ ನನಗಿರಲಿಲ್ಲ. ಆ ಪಟ್ಟಿ ಕಳಿಸಿದವರಿಗೆ ಮಾತ್ರ ಕಾಣುತ್ತದೆ, ಅವರೋ ತಮ್ಮ ಫೋನಿನಿಂದ ಅಳಿಸಿ ಕೂತಿದ್ದರು. ಒಂದು ಪುಣ್ಯ ಅಂದರೆ ಅವತ್ತು ಅರ್ಧ ಊರಿಗೆ ನೆಟ್‌ವರ್ಕ್ ಇರಲಿಲ್ಲ. ತಡವಾಗಿ ನೆಟ್ ಬಂದವರಿಗೆ ಸಿಕ್ಕಿದ್ದು ಅಳಿಸಿದ ಸಾಲು ಮಾತ್ರ.

ಆಮೇಲೆ ಆ ತಂದೆಗೆ ಫೋನ್ ಮಾಡಿದೆ. ಮೆಸೇಜ್ ಬೇಡ ಅನ್ನಿಸಿತು. ಬರೆದದ್ದನ್ನು ಮತ್ತೊಬ್ಬರಿಗೆ ತೋರಿಸಬಹುದು, ಓದುವವರಿಗೆ ದನಿಯೂ ಕೇಳಿಸುವುದಿಲ್ಲ. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ಎತ್ತಿದವರು, "ಅಕ್ಕೋರೆ..." ಅಂತ ಹೇಳಿ ಸುಮ್ಮನಾದರು.

"ವಿಡಿಯೊ ತೆಗೆದಿದ್ದೇನೆ, ಮೊದಲು ಅದನ್ನ ಹೇಳೋಣ ಅಂತ ಮಾಡಿದೆ" ಅಂದೆ.

"ಬೇರೆ ಗ್ರೂಪಿಗೆ ಹಾಕಕ್ಕೆ ಹೋಗಿ ಇಲ್ಲಿಗೆ ಬಂದೋಯ್ತು. ಹೆಂಗೆ ಮುಖ ತೋರಿಸದು ಅಕ್ಕೋರೆ?"

ಬೇರೆ ಗ್ರೂಪಿಗಾದರೂ ಅದನ್ನು ಯಾಕೆ ಹಾಕಬೇಕಿತ್ತು ಅಂತ ಬಾಯಿಗೆ ಬಂತು, ನುಂಗಿಕೊಂಡೆ. ಅದು ಇನ್ನೊಂದು ದಿನದ ಮಾತು. ಅವತ್ತು ಹೇಳಿದ್ದು ಮೂರೇ. ತಪ್ಪಾಗಿ ಬಂತು ಅನ್ನುವುದನ್ನು ನಂಬುತ್ತೇನೆ. ನಿಮ್ಮನ್ನು ಗ್ರೂಪಿನಿಂದ ತೆಗೆಯುವುದಿಲ್ಲ. ಇನ್ನೊಮ್ಮೆ ಆದರೆ ಮಾತ್ರ ತೆಗೆದು, ಎಸ್‌ಡಿಎಂಸಿ ಅಧ್ಯಕ್ಷರಿಗೆ ತಿಳಿಸಬೇಕಾಗುತ್ತದೆ. ಗ್ರೂಪಿನಲ್ಲಿ ಕ್ಷಮೆ ಕೇಳಲಾ ಅಂದರು, ಬೇಡ ಅಂದೆ. ಅವರು ಕ್ಷಮೆ ಕೇಳಿದರೆ ಅದಕ್ಕೆ ಮೂವತ್ತು ರಿಪ್ಲೈ, ಬೆಳಿಗ್ಗೆ ಮಗ ಬಸ್‌ಸ್ಟಾಪಿನಲ್ಲಿ ಅದನ್ನೇ ಕೇಳಬೇಕಾಗುತ್ತದೆ. ಆರನೇ ಕ್ಲಾಸಿನ ಹುಡುಗ ಅವನು.

ಮಾರನೇ ದಿನ ರಜೆಯೇ ಆಯಿತು. ಹೆಡ್‌ಮಾಸ್ಟರ್ ಮಾತ್ರ ಹೆದರಿದ್ದರು. ಅಡ್ಮಿನ್ ಮೇಲೂ ಕೇಸ್ ಆಗುತ್ತದಂತೆ, ಗ್ರೂಪೇ ಮುಚ್ಚಿಬಿಡಿ ಅಂದರು. ಈ ಹೆದರಿಕೆ ಎಲ್ಲ ಶಾಲೆಗಳಲ್ಲೂ ಇದೆ. ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಬೇರೆಯವರು ಹಾಕಿದ್ದಕ್ಕೆ ಅವರು ಹೊಣೆಯಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಹೊರ ರಾಜ್ಯದ ತೀರ್ಪು ನಿಜ, ಆದರೂ ಅದನ್ನು ಹೇಳಿದ ಮೇಲೆ ಅವರಿಗೆ ಸ್ವಲ್ಪ ಸಮಾಧಾನ ಆಯಿತು. ಅಶ್ಲೀಲ ವಿಷಯ ಕಳಿಸುವವರಿಗೆ ಐಟಿ ಕಾಯ್ದೆಯ 67ನೇ ಕಲಂ ಇದೆ. ಅದನ್ನು ನಾನು ಗ್ರೂಪಿನಲ್ಲಿ ಎತ್ತಲಿಲ್ಲ. ಕೈ ತಪ್ಪಿದ ಒಬ್ಬರಿಗೋಸ್ಕರ 63 ಜನರಿಗೆ ಕಾನೂನಿನ ಬೆದರಿಕೆ ಯಾಕೆ?

ವಿಡಿಯೊದಲ್ಲಿ ಮಗು ಇದ್ದಿದ್ದರೆ ನಾನು ಇಷ್ಟು ಮೆತ್ತಗೆ ಇರುತ್ತಿರಲಿಲ್ಲ. ಅದು ಪೋಕ್ಸೊ ವಿಷಯ, ಟೀಚರ್ ಮಟ್ಟದಲ್ಲಿ ಮುಗಿಸುವಂಥದ್ದಲ್ಲ. ಆಗ ನಂಬರ್, ದಿನ, ಗಂಟೆ ಕಾಗದದಲ್ಲಿ ಬರೆದುಕೊಂಡು ಕೂಡಲೇ ಪೊಲೀಸರಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಬೇಕು. ಸಾಕ್ಷಿಗೆ ಇರಲಿ ಅಂತ ಹೆಡ್‌ಮಾಸ್ಟರ್‌ಗೆ ಕೂಡ ಅದನ್ನು ಫಾರ್ವರ್ಡ್ ಮಾಡಬಾರದು. ಹಾಗೆ ಕಳಿಸುವುದೂ ಹಂಚಿದ ಹಾಗೆಯೇ.

ಇಷ್ಟಾದ ಮೇಲೂ ನಾನು ಒಮ್ಮೆ ಸೋತೆ. ಚೌತಿಗೆ ತವರಿಗೆ ಹೋಗಿದ್ದೆ, ಅಲ್ಲಿ ನೆಟ್‌ವರ್ಕ್ ಅನ್ನುವುದೇ ಇಲ್ಲ. ಆ ಹೊತ್ತಿಗೆ ಯಾರೋ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ರಕ್ತಸಿಕ್ತ ಫೋಟೊ ಹಾಕಿದ್ದರು. ನಾನು ನೋಡಿದ್ದು ಮೂರು ದಿನ ಬಿಟ್ಟು. Delete for everyone ಆಯ್ಕೆಯೇ ಬರಲಿಲ್ಲ. ಅದಕ್ಕಿರುವುದು ಸುಮಾರು ಎರಡು ದಿನದ ಅವಕಾಶ, ಆಮೇಲೆ ಕಳಿಸಿದವರಿಗೂ ಆಗುವುದಿಲ್ಲ. ಫೋಟೊ ಸುಳ್ಳು ಸುದ್ದಿಯದ್ದು, ನಿಮ್ಮ ಫೋನಿನಲ್ಲಿ ನೀವೇ ಅಳಿಸಿ ಅಂತ ಎಲ್ಲರನ್ನೂ ಕೇಳಿಕೊಳ್ಳುವುದಷ್ಟೇ ಉಳಿದಿತ್ತು. ಎಷ್ಟು ಜನ ಅಳಿಸಿದರೋ ದೇವರಿಗೇ ಗೊತ್ತು.

ಅವತ್ತೇ ಇನ್ನಿಬ್ಬರನ್ನು ಅಡ್ಮಿನ್ ಮಾಡಿದೆ. ಒಬ್ಬರು ಹೆಡ್‌ಮಾಸ್ಟರ್. ಇನ್ನೊಬ್ಬರು ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಒಬ್ಬ ತಾಯಿ. ಅವರಿಗೆ ಯಾವಾಗಲೂ ಸಿಗ್ನಲ್ ಇರುತ್ತದೆ, ಊರಿನ ಪಕ್ಷ-ಪಂಗಡದ ಜಗಳಕ್ಕೂ ಅವರು ಹೋಗುವುದಿಲ್ಲ. ಹೆಡ್‌ಮಾಸ್ಟರ್ ಮೊದಲ ವಾರ ಹುರುಪಿನಲ್ಲಿ ಗುಡ್ ಮಾರ್ನಿಂಗ್ ಹೂವುಗಳನ್ನೂ ಅಳಿಸಲು ಶುರು ಮಾಡಿದರು. ಬೇಡ ಸರ್ ಅಂದೆ. ಅಳಿಸಿದ ಸಾಲು ದಿನಕ್ಕೆ ಹತ್ತು ಕಂಡರೆ, ನಿಜವಾಗಿ ಬೇಕಾದ ದಿನ ಅದಕ್ಕೆ ಬೆಲೆ ಇರುವುದಿಲ್ಲ.

ಗ್ರೂಪಿನ ಬೀಗ ಎರಡು ದಿನಕ್ಕೇ ತೆಗೆದಿದ್ದೆ. ತೆಗೆದ ಕೂಡಲೇ ಬಂದ ಮೊದಲ ಮೆಸೇಜ್, "ಮೇಡಂ ನಾಳೆ ರಜೆ ಇದ್ಯಾ?" ಆ ತಂದೆ ಮಾತ್ರ ಇವತ್ತಿಗೂ ಗ್ರೂಪಿನಲ್ಲಿ ಒಂದಕ್ಷರ ಬರೆದಿಲ್ಲ. ಮಗನಿಗೆ ಜ್ವರ ಬಂದರೆ ನೋಟ್‌ಬುಕ್ಕಿನ ಹಾಳೆ ಹರಿದು, ಸಹಿ ಹಾಕಿ, ಪಕ್ಕದ ಮನೆ ಹುಡುಗಿಯ ಕೈಯಲ್ಲಿ ಕಳಿಸುತ್ತಾರೆ.