ಇಳಕಲ್ ಸೀರೆಯ ಆನ್‌ಲೈನ್ ಮಾರಾಟ: ಯಾವ ವಿವರ ಶೀರ್ಷಿಕೆಗೆ, ಯಾವುದು ಬುಲೆಟ್‌ಗೆ, ಯಾವುದು ವಿವರಣೆಗೆ?

ಆನ್‌ಲೈನ್ ಮಳಿಗೆಯಲ್ಲಿ ಸೀರೆಯೊಂದನ್ನು ಮಾರಾಟಕ್ಕಿಡುವಾಗ ಬರೆಯಲು ಮೂರು ಜಾಗಗಳಿರುತ್ತವೆ: ಶೀರ್ಷಿಕೆ, ಬುಲೆಟ್ ಸಾಲುಗಳು ಮತ್ತು ಉದ್ದನೆಯ ವಿವರಣೆ. ನೇರವಾಗಿ ಶೀರ್ಷಿಕೆಯಿಂದ ಬರೆಯಲು ತೊಡಗಿದರೆ ಮನಸ್ಸಿಗೆ ಬಂದದ್ದೆಲ್ಲ ಅಲ್ಲಿಯೇ ಸೇರಿಕೊಳ್ಳುತ್ತದೆ. ಆದ್ದರಿಂದ ಮೊದಲು ಸೀರೆಯನ್ನು ಬಿಚ್ಚಿ ಹರಡಿಕೊಂಡು, ಅದರ ಬಗ್ಗೆ ಹೇಳಬಹುದಾದ ಎಲ್ಲವನ್ನೂ ಯಾವುದೇ ಕ್ರಮವಿಲ್ಲದೆ ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು.

ಉದಾಹರಣೆಗೆ, ನಮ್ಮ ಮುಂದಿರುವುದು ಕೈಮಗ್ಗದ ಇಳಕಲ್ ಸೀರೆ ಎಂದಿಟ್ಟುಕೊಳ್ಳೋಣ. ಅದರ ಒಡಲು ಕಡು ನೀಲಿ ಹತ್ತಿಯದು. ಸೆರಗು ಬಿಳಿ ಪಟ್ಟೆಗಳಿರುವ ಕೆಂಪು ಬಣ್ಣದ್ದು, ಅದರ ನೂಲು ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ. ದಡಿ ಚಿಕ್ಕಿ ಪರಾಸ ಎಂಬ ವಿನ್ಯಾಸದ್ದು. ಉದ್ದ 5.5 ಮೀಟರ್, ಬ್ಲೌಸ್ ಪೀಸ್ ಇಲ್ಲ. ಮೊದಲ ಒಗೆತದಲ್ಲಿ ಬಣ್ಣ ಸ್ವಲ್ಪ ಬಿಡುತ್ತದೆ. ಒಡಲಿನ ಹಾಸು ನೂಲಿಗೆ, ಅಂದರೆ ಉದ್ದಕ್ಕೆ ಸಾಗುವ ಎಳೆಗಳಿಗೆ, ಸೆರಗಿನ ಹಾಸು ನೂಲನ್ನು ಕೊಂಡಿ ಹಾಕಿ ಜೋಡಿಸಲಾಗಿದೆ.

ಪ್ರತಿ ವಿವರಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ: ಹುಡುಕಾಟದ ಪಟ್ಟಿಯಲ್ಲಿ ಈ ಸೀರೆಯನ್ನು ಪಕ್ಕದ ಸೀರೆಯಿಂದ ಬೇರ್ಪಡಿಸಿ ಗುರುತಿಸಲು ಇದು ಬೇಕೇ? ಹೌದಾದರೆ ಅದು ಶೀರ್ಷಿಕೆಗೆ ಸೇರುತ್ತದೆ. ಅಮೆಜಾನ್‌ನಂಥ ಮಳಿಗೆಗಳಲ್ಲಿ ಶೀರ್ಷಿಕೆಗೆ ಅಕ್ಷರಗಳ ಮಿತಿಯಿರುತ್ತದೆ; ಉದ್ದನೆಯ ಶೀರ್ಷಿಕೆಯಾದರೆ ಫೋನಿನ ಪಟ್ಟಿಯಲ್ಲಿ ಅದರ ಆರಂಭದ ಭಾಗವಷ್ಟೇ ಕಾಣುತ್ತದೆ, ಉಳಿದದ್ದು ಕತ್ತರಿಸಿಹೋಗುತ್ತದೆ. ಹೀಗಾಗಿ ಕೊಳ್ಳುವವರು ಹುಡುಕಲು ಬಳಸುವ ಹೆಸರು ಮುಂದೆ ಬರಬೇಕು. ನಮ್ಮ ಸೀರೆಗೆ ‘ಇಳಕಲ್ ಕೈಮಗ್ಗದ ಹತ್ತಿ ಸೀರೆ, ಆರ್ಟ್ ಸಿಲ್ಕ್ ಸೆರಗು, ಚಿಕ್ಕಿ ಪರಾಸ ದಡಿ, ಕಡು ನೀಲಿ – ಕೆಂಪು’ ಎಂಬಷ್ಟು ಸಾಕು. ಇಂಗ್ಲಿಷಿನಲ್ಲಿ ಬರೆಯುವಾಗಲೂ ಇದೇ ಕ್ರಮ ಸರಿ. ‘ಅತ್ಯುತ್ತಮ’, ‘ಹಬ್ಬದ ವಿಶೇಷ ರಿಯಾಯಿತಿ’ ಮುಂತಾದವು ಯಾವ ಸೀರೆಯನ್ನೂ ಗುರುತಿಸಿಕೊಡುವುದಿಲ್ಲ. ಬಟ್ಟೆ ವಿದ್ಯುತ್ ಮಗ್ಗದ್ದಾಗಿದ್ದರೆ ‘ಕೈಮಗ್ಗ’ ಎಂಬ ಪದವನ್ನು ಎಲ್ಲಿಯೂ ಬರೆಯಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎರಡನೆಯ ಪ್ರಶ್ನೆ: ಈ ವಿಷಯ ತಿಳಿಯದೆ ಕೊಂಡವರು ಸೀರೆಯನ್ನು ಹಿಂದಿರುಗಿಸಬಹುದೇ? ಹಾಗಿದ್ದರೆ ಅದು ಬುಲೆಟ್‌ಗೆ ಬರಬೇಕು. ಮಾರುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ, ಏಕೆಂದರೆ ಬುಲೆಟ್‌ಗಳನ್ನು ಹೊಗಳಿಕೆಗೆ ಬಳಸಿ, ತೊಡಕಿನ ಸಂಗತಿಗಳನ್ನು ವಿವರಣೆಯ ತಳದಲ್ಲಿ ಅಡಗಿಸಿಡುತ್ತಾರೆ. ಚಿತ್ರದಲ್ಲಿ ರೂಪದರ್ಶಿ ಹೊಂದುವ ರವಿಕೆ ತೊಟ್ಟಿರುವಾಗ ಬ್ಲೌಸ್ ಪೀಸ್ ಇದೆಯೆಂದೇ ಕೊಳ್ಳುವವರು ಭಾವಿಸುತ್ತಾರೆ. ಆದ್ದರಿಂದ ಮೊದಲ ಬುಲೆಟ್ ‘ಸೀರೆಯ ಉದ್ದ 5.5 ಮೀಟರ್, ಬ್ಲೌಸ್ ಪೀಸ್ ಸೇರಿಲ್ಲ, ಚಿತ್ರದಲ್ಲಿರುವ ರವಿಕೆ ಮಾರಾಟಕ್ಕಿಲ್ಲ’ ಎಂದಿರಲಿ. ಎರಡನೆಯದರಲ್ಲಿ ಒಡಲಿನ ಮತ್ತು ಸೆರಗಿನ ನೂಲನ್ನು ಬೇರೆ ಬೇರೆಯಾಗಿ ಹೇಳಬೇಕು. ಶೀರ್ಷಿಕೆಯಲ್ಲಿ ಬಂದದ್ದನ್ನು ಪುನಃ ಹೇಳಿದಂತಾದರೂ ಚಿಂತೆಯಿಲ್ಲ, ಏಕೆಂದರೆ ಇಳಕಲ್ ಸೆರಗು ಎಂದೊಡನೆ ಶುದ್ಧ ರೇಷ್ಮೆಯನ್ನು ನಿರೀಕ್ಷಿಸುವವರು ಇದ್ದಾರೆ. ಬಣ್ಣ ಬಿಡುವ ವಿಷಯ ‘ಮೊದಲ ಸಲ ತಣ್ಣೀರಿನಲ್ಲಿ ಪ್ರತ್ಯೇಕವಾಗಿ ಒಗೆಯಿರಿ’ ಎಂಬ ಸೂಚನೆಯೊಂದಿಗೆ ಮೂರನೆಯದಾಗಲಿ.

ಕೊಂಡಿಯ ವಿಷಯ ಇಷ್ಟು ಸರಳವಲ್ಲ. ಸೆರಗು ಸೇರುವ ಗೆರೆಯಲ್ಲಿ ನೂಲಿನ ಕುಣಿಕೆಗಳು ಕೈಗೆ ಸಿಗುತ್ತವೆ. ಇಳಕಲ್ ಸೀರೆಯ ಪರಿಚಯವಿಲ್ಲದವರಿಗೆ ಅದು ಹರಿದು ಹೊಲಿದ ಗುರುತಿನಂತೆ ಕಂಡು, ದೋಷವೆಂಬ ದೂರು ಬರಬಹುದು. ಆದರೆ ಅದನ್ನು ಸರಿಯಾಗಿ ವಿವರಿಸಲು ಒಂದು ಸಾಲು ಸಾಲದು. ಹೀಗಾಗಿ ಅದನ್ನು ಎರಡಾಗಿ ಒಡೆಯಬೇಕು. ‘ಒಡಲು ಮತ್ತು ಸೆರಗು ಸೇರುವಲ್ಲಿ ಕಾಣುವ ಕುಣಿಕೆಗಳು ನೇಯ್ಗೆಯ ಭಾಗ, ದೋಷವಲ್ಲ’ ಎಂಬ ಎಚ್ಚರಿಕೆ ಬುಲೆಟ್‌ನಲ್ಲಿರಲಿ, ಅದರ ಹತ್ತಿರದ ಚಿತ್ರವೂ ಜೊತೆಗಿರಲಿ. ಪ್ರತಿ ಸೀರೆಗೂ ಎರಡು ಬಗೆಯ ಹಾಸನ್ನು ಬೇರೆ ಬೇರೆ ಸಿದ್ಧಪಡಿಸಿ ಎಳೆಗೆ ಎಳೆ ಜೋಡಿಸುವ ಕ್ರಮವನ್ನು ಉದ್ದನೆಯ ವಿವರಣೆಯಲ್ಲಿ ನಿಧಾನವಾಗಿ ಹೇಳಬಹುದು.

ಎರಡೂ ಪ್ರಶ್ನೆಗಳಿಗೆ ‘ಇಲ್ಲ’ ಎಂಬ ಉತ್ತರ ಬಂದದ್ದೆಲ್ಲ ವಿವರಣೆಗೆ ಹೋಗುತ್ತದೆ: ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ನೇಯ್ಗೆಯ ಹಿನ್ನೆಲೆ, ಸೀರೆಯನ್ನು ಮಡಿಸಿಡುವ ಬಗೆ, ಯಾವ ರವಿಕೆ ಹೊಂದುತ್ತದೆ ಎಂಬ ಸಲಹೆ ಇತ್ಯಾದಿ. ಇದನ್ನು ಓದುವವರು ಕಡಿಮೆ. ಆದರೆ ಇಲ್ಲಿಯವರೆಗೆ ಬಂದವರಿಗೆ ಸೀರೆಯ ಮೇಲೆ ಆಸಕ್ತಿ ಹುಟ್ಟಿರುತ್ತದೆಯಾದ್ದರಿಂದ ಬುಲೆಟ್‌ಗಳನ್ನೇ ವಾಕ್ಯಗಳಾಗಿ ಹಿಗ್ಗಿಸಿ ಬರೆಯುವುದು ತರವಲ್ಲ.

ಪುಟ ಪ್ರಕಟವಾದ ಮೇಲೆ ವಾಪಸಾತಿಯ ಕಾರಣಗಳನ್ನೂ ಗ್ರಾಹಕರ ಪ್ರಶ್ನೆಗಳನ್ನೂ ಆಗಾಗ ನೋಡುತ್ತಿರಬೇಕು. ವಿವರಣೆಯಲ್ಲಿ ಈಗಾಗಲೇ ಉತ್ತರವಿರುವ ಪ್ರಶ್ನೆಯೇ ಮತ್ತೆ ಮತ್ತೆ ಬರುತ್ತಿದ್ದರೆ, ಆ ವಿವರವನ್ನು ಬುಲೆಟ್‌ಗೆ ಏರಿಸಿ, ಅಲ್ಲಿ ಯಾರೂ ಕೇಳದ ಒಂದು ಸಾಲನ್ನು ಕೆಳಗಿಳಿಸಬೇಕು.