ಶೇಕಡಾ 61ಕ್ಕೆ ನಿಂತ ಅಪ್‌ಡೇಟ್: ಗೋಣಿಕೊಪ್ಪಲಿನ ಅಂಗಡಿಯಿಂದ

ಗೋಣಿಕೊಪ್ಪಲಿನ ನನ್ನ ಮೊಬೈಲ್ ರಿಪೇರಿ ಅಂಗಡಿಗೆ ಮಳೆಗಾಲದಲ್ಲಿ ನೀರು ಹೊಕ್ಕ ಫೋನುಗಳ ಜೊತೆಗೆ ಇನ್ನೊಂದು ದೂರೂ ತಪ್ಪದೆ ಬರುತ್ತದೆ. ‘ಅಪ್‌ಡೇಟ್ ನಿಂತುಬಿಟ್ಟಿದೆ.’ ಇಷ್ಟು ಕೇಳಿದರೆ ನನಗೆ ಏನೂ ಗೊತ್ತಾಗುವುದಿಲ್ಲ. ಡೌನ್‌ಲೋಡ್ ಆಗುವಾಗ ನಿಂತಿತೇ, ಇಳಿದ ಫೈಲನ್ನು ಫೋನು ಪರಿಶೀಲಿಸುವಾಗ ನಿಂತಿತೇ, ಇನ್‌ಸ್ಟಾಲ್ ಆಗುವಾಗ ನಿಂತಿತೇ? ಮೂರಕ್ಕೂ ಕಾರಣ ಬೇರೆ, ಮಾಡಬೇಕಾದ ಕೆಲಸವೂ ಬೇರೆ. ಹಾಗಾಗಿ ಫೋನು ಕೈಗೆ ಬಂದ ಕೂಡಲೇ ಅದನ್ನು ಆಫ್ ಮಾಡಿ ಆನ್ ಮಾಡುವುದಿಲ್ಲ. ಅಪ್‌ಡೇಟ್ ಪುಟ ತೆರೆದು Downloading ಎಂದಿದೆಯೋ, Verifying ಎಂದಿದೆಯೋ, Installing ಎಂದಿದೆಯೋ ಮೊದಲು ಓದುತ್ತೇನೆ.

ಈ ಹಂತಗಳನ್ನು ದಾಟುವಾಗ ಒಂದಕ್ಕಿಂತ ಹೆಚ್ಚು ಕಡೆ ಸಿಕ್ಕಿಬಿದ್ದ ಒಂದು ಫೋನಿನ ಕತೆ ಹೇಳುತ್ತೇನೆ. ಪಾಲಿಬೆಟ್ಟದ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರದ್ದು. 64 ಜಿಬಿಯ ಆಂಡ್ರಾಯ್ಡ್ ಫೋನು, ಬಂದಿದ್ದ ಅಪ್‌ಡೇಟ್ 1.3 ಜಿಬಿ. ಅವರ ಮನೆಯಲ್ಲಿ ವೈಫೈ ಇಲ್ಲ. ಅವರ ಸಿಮ್ಮಿಗೆ ತೋಟದಲ್ಲಿ ಸಿಗ್ನಲ್ ಸಿಗುವುದು ಕಣದ ಹತ್ತಿರ ಮಾತ್ರ, ಮಗನ ಸಿಮ್ಮಿಗೆ ಮನೆಯೊಳಗೂ ಸಿಗುತ್ತದೆ. ಮಗನ ಫೋನಿನ ಹಾಟ್‌ಸ್ಪಾಟಿಗೆ ಸೇರಿಸಿ ಅಪ್‌ಡೇಟ್ ಒತ್ತಿದರೆ ವೈಫೈಗಾಗಿ ಕಾಯುತ್ತಿದ್ದೇನೆ ಎಂಬ ಸಂದೇಶ ಬಂತಂತೆ.

‘ಅಣ್ಣಾ, ವೈಫೈ ಗುರುತು ಮೇಲೆ ಕಾಣ್ತಾ ಇದೆ. ಆದ್ರೂ ವೈಫೈ ಇಲ್ಲ ಅಂತದೆ’ ಎಂದು ಫೋನ್ ಮಾಡಿದರು.

ಫೋನು ಹೇಳಿದ್ದರಲ್ಲಿ ಅರ್ಥವಿದೆ. ಒಂದು ಆಂಡ್ರಾಯ್ಡ್ ಫೋನು ಹಾಟ್‌ಸ್ಪಾಟ್ ಕೊಡುವಾಗ, ಸೇರಿಕೊಳ್ಳುವ ಫೋನಿಗೆ ‘ಇದು ಲೆಕ್ಕವಿಟ್ಟು ಕೊಡುವ ಡೇಟಾ’ ಎಂದು ತಾನೇ ತಿಳಿಸುತ್ತದೆ. ಅದು ತಿಳಿದ ಮೇಲೆ ಎರಡನೆಯ ಫೋನು ಆ ವೈಫೈಯನ್ನು ಮೊಬೈಲ್ ಡೇಟಾದಂತೆಯೇ ನೋಡುತ್ತದೆ, ದೊಡ್ಡ ಡೌನ್‌ಲೋಡುಗಳನ್ನು ತಡೆಹಿಡಿಯುತ್ತದೆ. ವೈಫೈ ಸೆಟ್ಟಿಂಗಿನಲ್ಲಿ ಆ ಹಾಟ್‌ಸ್ಪಾಟಿನ ಹೆಸರಿನ ಪಕ್ಕದ ಗುರುತು ಒತ್ತಿದರೆ ನೆಟ್‌ವರ್ಕ್ ಬಳಕೆಯ ಬಗ್ಗೆ ಒಂದು ಸಾಲು ಸಿಗುತ್ತದೆ. ಅದು ಸಾಮಾನ್ಯವಾಗಿ Detect automatically ಎಂದಿರುತ್ತದೆ. ಅದನ್ನು Treat as unmetered ಎಂದು ಬದಲಿಸಲು ಹೇಳಿದೆ. ಕೆಲವು ಕಂಪನಿಯ ಫೋನುಗಳಲ್ಲಿ ಇದೇ ಆಯ್ಕೆ Metered network ಎಂಬ ಹೆಸರಿನಲ್ಲಿ ಇರುತ್ತದೆ. ಡೇಟಾ ಸೇವರ್ ಆನ್ ಇದ್ದರೆ ಅದನ್ನೂ ಆಫ್ ಮಾಡಬೇಕು. ಅವರು ಬದಲಿಸಿದರು, ಡೌನ್‌ಲೋಡ್ ಶುರುವಾಯಿತು.

ಸಂಜೆಗೆ ಮತ್ತೆ ಫೋನ್ ಬಂತು. ಶೇಕಡಾ 61ಕ್ಕೆ ಬಂದು ಅಲ್ಲೇ ನಿಂತಿದೆಯಂತೆ.

ಇಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಮಗ ಇವತ್ತು ಏನಾದ್ರೂ ವಿಡಿಯೋ ನೋಡಿದ್ನಾ ರೈಟರೇ?’ ನೋಡಿದ್ದ. ಅವನದು ದಿನಕ್ಕೆ 2 ಜಿಬಿಯ ಪ್ಲಾನ್. ಅದು ಮುಗಿದ ಮೇಲೆ ನೆಟ್ ಪೂರ್ತಿ ಕಡಿದುಹೋಗುವುದಿಲ್ಲ, ಇಂಥ ಹೆಚ್ಚಿನ ಪ್ಲಾನುಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 8 ಕಿಲೋಬೈಟು. 1.3 ಜಿಬಿಯಲ್ಲಿ ಉಳಿದದ್ದು ಸುಮಾರು 500 ಎಂಬಿ. ಆ ವೇಗದಲ್ಲಿ ಅದು ಇಳಿಯಲು 17 ಗಂಟೆಗಿಂತ ಹೆಚ್ಚು ಬೇಕು. ವಾಟ್ಸ್ಆ್ಯಪ್ ಸಂದೇಶಗಳು ಹೋಗುತ್ತಿರುತ್ತವೆ, ಹಾಗಾಗಿ ನೆಟ್ ಇದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಅಪ್‌ಡೇಟಿನ ಅಂಕಿ ಮಾತ್ರ ಕದಲುವುದಿಲ್ಲ. ಇದನ್ನು ಪತ್ತೆ ಮಾಡಲು ನೋಟಿಫಿಕೇಶನ್ ಪಟ್ಟಿಯಲ್ಲಿ ನೆಟ್ ವೇಗ ತೋರಿಸುವ ಸೆಟ್ಟಿಂಗ್ ಇದ್ದರೆ ಆನ್ ಮಾಡಿ. ಒಂದೇ ಸಮನೆ ನಾಲ್ಕೈದು ಕೆಬಿ ತೋರಿಸುತ್ತಿದ್ದರೆ ದಿನದ ಕೋಟಾ ಮುಗಿದಿದೆ. ಒಮ್ಮೆ ಮೇಲಕ್ಕೆ ಹಾರಿ ಒಮ್ಮೆ ಸೊನ್ನೆಗೆ ಬೀಳುತ್ತಿದ್ದರೆ ಸಿಗ್ನಲ್ ತೊಂದರೆ. ಮಳೆ ಜೋರಾಗಿ ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಖಾಲಿಯಾದರೆ ಈ ಎರಡನೆಯದು ಆಗುತ್ತದೆ.

ಕೋಟಾದ ತೊಂದರೆಗೆ ಮದ್ದು ಸುಲಭ. ಮಧ್ಯರಾತ್ರಿ ದಾಟಿದ ಮೇಲೆ ಹೊಸ ಕೋಟಾ ಬರುತ್ತದೆ, ನಿಂತ ಜಾಗದಿಂದ ಡೌನ್‌ಲೋಡ್ ಮುಂದುವರಿಯುತ್ತದೆ. ಈ ಹಂತದಲ್ಲಿ ಸಿಟ್ಟು ಬಂದು ಕ್ಯಾನ್ಸಲ್ ಒತ್ತಬಾರದು. ಒತ್ತಿದರೆ ಅನೇಕ ಫೋನುಗಳಲ್ಲಿ ಇಳಿದದ್ದೆಲ್ಲ ಹೋಗಿ ಮೊದಲಿನಿಂದ ಶುರು. ರೈಟರು ಒತ್ತಲಿಲ್ಲ. ಬೆಳಿಗ್ಗೆ ಎದ್ದು ನೋಡಿದಾಗ ಡೌನ್‌ಲೋಡ್ ಪೂರ್ತಿಯಾಗಿತ್ತು, ಆದರೆ ಪರಿಶೀಲನೆ ವಿಫಲ ಎಂಬ ಸಂದೇಶ ಕಾಯುತ್ತಿತ್ತು. ಆಗ ಫೋನನ್ನು ಅಂಗಡಿಗೇ ತಂದರು.

ಪರಿಶೀಲನೆ ಎಂದರೆ ಏನೆಂದು ತಿಳಿದಿದ್ದರೆ ಈ ಸಂದೇಶ ಕಂಡು ಹೆದರುವುದು ತಪ್ಪುತ್ತದೆ. ಕಂಪನಿ ಅಪ್‌ಡೇಟ್ ಫೈಲಿನಿಂದ ಲೆಕ್ಕಹಾಕಿ ತೆಗೆದ ಒಂದು ಉದ್ದದ ಸಂಖ್ಯೆಗೆ ತನ್ನ ಡಿಜಿಟಲ್ ಸಹಿ ಹಾಕಿರುತ್ತದೆ. ಫೋನು ತನಗೆ ಇಳಿದ ಫೈಲಿನಿಂದ ಅದೇ ಲೆಕ್ಕವನ್ನು ಮತ್ತೆ ಹಾಕಿ ಎರಡನ್ನೂ ಹೋಲಿಸುತ್ತದೆ. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ, ಫೋನು ಆ ಫೈಲನ್ನು ಮುಟ್ಟುವುದಿಲ್ಲ. ಫೋನು ಕೆಟ್ಟಿದೆ ಎಂದು ಇದರ ಅರ್ಥವಲ್ಲ. ಹಾಳಾದ ಫೈಲು ಸಿಸ್ಟಂ ಒಳಗೆ ಹೋಗದಂತೆ ಅದು ತಡೆದಿದೆ, ಅಷ್ಟೆ.

ಅಂಗಡಿಯಲ್ಲಿ ನಾನು ಫೋನಿನ ಡೆವಲಪರ್ ಆಯ್ಕೆಯಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಕೇಬಲಿನಲ್ಲಿ ಕಂಪ್ಯೂಟರಿಗೆ ಸೇರಿಸಿ, ಅಪ್‌ಡೇಟನ್ನು ಮತ್ತೊಮ್ಮೆ ಒತ್ತಿ ಅಪ್‌ಡೇಟಿನ ಬಗ್ಗೆ ಫೋನು ಒಳಗೇ ಬರೆದುಕೊಳ್ಳುವ ದಾಖಲೆ ತೋರಿಸುವ ಈ ಒಂದು ಸಾಲನ್ನು ಕಂಪ್ಯೂಟರಿನಲ್ಲಿ ಓಡಿಸುತ್ತೇನೆ:

```
adb logcat -s update_engine
```

ಇದರ ಉಪಯೋಗ ಕೆಲವು ಫೋನುಗಳಲ್ಲಿ ಮಾತ್ರ. ಹಿನ್ನೆಲೆಯಲ್ಲೇ ಅಪ್‌ಡೇಟ್ ಆಗುವ ಫೋನುಗಳಲ್ಲಿ ಈ ದಾಖಲೆ ಸಿಗುತ್ತದೆ. ಪರದೆಯ ಮೇಲೆ ಬರೀ ‘ವಿಫಲ’ ಎಂದು ಬರುವಲ್ಲಿ ಇಲ್ಲಿ ಕಾರಣದ ಹೆಸರೇ ಕಾಣುತ್ತದೆ: `kDownloadTransferError` ಎಂದರೆ ನೆಟ್‌ವರ್ಕ್, `kPayloadHashMismatchError` ಎಂದರೆ ಆ ಸಂಖ್ಯೆ ತಾಳೆಯಾಗಲಿಲ್ಲ, `kNotEnoughSpace` ಎಂದರೆ ಜಾಗ ಸಾಲದು. ರೈಟರ ಫೋನಿನಲ್ಲಿ ಕಂಡದ್ದು ಕೊನೆಯದು. ಸ್ಟೋರೇಜ್ ತೆರೆದು ನೋಡಿದರೆ ಖಾಲಿ ಇದ್ದದ್ದು 900 ಎಂಬಿ ಮಾತ್ರ. ಮೂಲ ತೊಂದರೆ ಜಾಗದ್ದೇ ಆಗಿತ್ತು, ಪರದೆ ಅದನ್ನು ಬೇರೆ ಮಾತಿನಲ್ಲಿ ಹೇಳಿತ್ತು.

‘ವಿಡಿಯೋ ಎಲ್ಲ ನಿನ್ನೆನೇ ಅಳಿಸಿದ್ದೀನಲ್ಲ’ ಎಂದರು ರೈಟರು. ಅಳಿಸಿದ್ದು ನಿಜ, ಆದರೆ ಅವೆಲ್ಲ ಗ್ಯಾಲರಿಯ ಟ್ರ್ಯಾಶ್‌ನಲ್ಲಿ ಕೂತಿದ್ದವು. ಟ್ರ್ಯಾಶ್‌ಗೆ ಹೋದ ಫೋಟೋ, ವಿಡಿಯೋ ಅಲ್ಲಿ ವಾರಗಟ್ಟಲೆ ಇರುತ್ತವೆ, ಅಲ್ಲಿಯವರೆಗೆ ಜಾಗ ಬಿಟ್ಟುಕೊಡುವುದಿಲ್ಲ. ಬೇಡದ್ದು ಎಂದು ಅವರಿಂದಲೇ ಖಾತ್ರಿ ಮಾಡಿಕೊಂಡು ಟ್ರ್ಯಾಶ್ ಖಾಲಿ ಮಾಡಿದೆ. ಆಮೇಲೆ ವಾಟ್ಸ್ಆ್ಯಪ್ ಸೆಟ್ಟಿಂಗಿನ Manage storage ಒಳಗೆ 5 ಎಂಬಿಗಿಂತ ದೊಡ್ಡ ಫೈಲುಗಳ ಪಟ್ಟಿ ತೆಗೆದು, ಎಲ್ಲ ಗುಂಪುಗಳಲ್ಲೂ ತಿರುಗಿದ ಶುಭೋದಯ ವಿಡಿಯೋಗಳನ್ನು ಅವರೇ ಆರಿಸಿ ಅಳಿಸಿದರು. ತೋಟದ ಆಳುಗಳ ಹಾಜರಿ ಬರೆಯುವ ಚೆಕ್‌ರೋಲಿನ ಫೋಟೋಗಳನ್ನು ಮೊದಲೇ ಕಂಪ್ಯೂಟರಿಗೆ ಕಾಪಿ ಮಾಡಿಟ್ಟಿದ್ದೆ. ಮೆಮೊರಿ ಕಾರ್ಡಿನಲ್ಲಿ ಜಾಗ ಇದ್ದರೆ ಪ್ರಯೋಜನವಿಲ್ಲ, ಸಿಸ್ಟಂ ಅಪ್‌ಡೇಟಿಗೆ ಬೇಕಾಗುವುದು ಫೋನಿನೊಳಗಿನ ಜಾಗ.

ಎಷ್ಟು ಖಾಲಿ ಇರಬೇಕು? 1.3 ಜಿಬಿ ಎಂದು ತೋರಿಸುವುದು ಡೌನ್‌ಲೋಡಿನ ಅಳತೆ ಮಾತ್ರ. ಈಚಿನ ಫೋನುಗಳು ಹೊಸ ಸಿಸ್ಟಮ್ಮನ್ನು ಹಳೆಯದರ ಮೇಲೆ ನೇರವಾಗಿ ಬರೆಯುವುದಿಲ್ಲ, ಬದಲಾವಣೆಗಳನ್ನು ಪಕ್ಕದಲ್ಲಿ ಬರೆದಿಟ್ಟುಕೊಂಡು ರೀಸ್ಟಾರ್ಟ್ ಆದ ಮೇಲೆ ಸೇರಿಸಿಕೊಳ್ಳುತ್ತವೆ. ಅದಕ್ಕೂ ಜಾಗ ಬೇಕು. ನಾನು ಡೌನ್‌ಲೋಡಿನ ಮೂರು ಪಟ್ಟಾದರೂ ಖಾಲಿ ಇಟ್ಟುಕೊಂಡೇ ಶುರು ಮಾಡುತ್ತೇನೆ. ಆಂಡ್ರಾಯ್ಡಿನ ಆವೃತ್ತಿಯೇ ಬದಲಾಗುವ ಅಪ್‌ಡೇಟ್ ಆದರೆ 8–10 ಜಿಬಿ. ರೈಟರ ಫೋನಿನಲ್ಲಿ 7 ಜಿಬಿ ಬಿಡಿಸಿಕೊಂಡೆವು.

ಇಷ್ಟಾದ ಮೇಲೂ ಹಳೆಯ ಫೈಲನ್ನೇ ಮತ್ತೆ ಇನ್‌ಸ್ಟಾಲ್ ಮಾಡಿಸಲಿಲ್ಲ. ಜಾಗ ಸಾಲದೆ ಅರ್ಧಕ್ಕೆ ನಿಂತ ಕೆಲಸದ ಮೇಲೆ ನನಗೆ ನಂಬಿಕೆಯಿಲ್ಲ. ಅಪ್‌ಡೇಟ್ ಪುಟದ ಮೆನುವಿನಲ್ಲಿ ಇಳಿದ ಪ್ಯಾಕೇಜನ್ನು ಅಳಿಸುವ ಆಯ್ಕೆ ಇದ್ದರೆ ಅದನ್ನು ಬಳಸುತ್ತೇನೆ. ಇಲ್ಲದಿದ್ದರೆ ಆ್ಯಪ್‌ಗಳ ಪಟ್ಟಿಯಲ್ಲಿ ಸಿಸ್ಟಂ ಆ್ಯಪ್‌ಗಳನ್ನೂ ತೋರಿಸುವಂತೆ ಮಾಡಿ, ಸಾಫ್ಟ್‌ವೇರ್ ಅಪ್‌ಡೇಟ್ ಆ್ಯಪ್‌ನ ಸ್ಟೋರೇಜ್ ಒಳಗೆ ಡೇಟಾ ಅಳಿಸುತ್ತೇನೆ. ಅದರಿಂದ ನಿಮ್ಮ ಫೋಟೋ, ಸಂದೇಶ ಹೋಗುವುದಿಲ್ಲ. ಜೊತೆಗೆ ತಾರೀಕು, ಸಮಯ ಸರಿ ಇದೆಯೇ ನೋಡುತ್ತೇನೆ. ಬ್ಯಾಟರಿ ಪೂರ್ತಿ ಸತ್ತು ಸಿಗ್ನಲ್ ಇಲ್ಲದ ಕಡೆ ಬಿದ್ದಿದ್ದ ಫೋನು ಹಳೆಯ ತಾರೀಕಿನಲ್ಲಿ ಎದ್ದರೆ, ಸರ್ವರ್ ಅಸಲಿ ಎಂದು ತೋರಿಸುವ ಪ್ರಮಾಣಪತ್ರವನ್ನೇ ಒಪ್ಪದೆ ಅಪ್‌ಡೇಟ್ ವಿಫಲವಾಗುತ್ತದೆ. ಆಮೇಲೆ ಅಂಗಡಿಯ ಫೈಬರ್ ಲೈನಿನಲ್ಲಿ ಮೊದಲಿನಿಂದ ಇಳಿಸಿದೆ. ಪರಿಶೀಲನೆ ದಾಟಿತು.

ಇನ್‌ಸ್ಟಾಲ್ ಹಂತಕ್ಕೆ ಬ್ಯಾಟರಿ ಎಷ್ಟಿರಬೇಕು ಎಂಬುದು ಕಂಪನಿಗೊಂದು ಲೆಕ್ಕ. ನಾನು ಶೇಕಡಾ 50ಕ್ಕಿಂತ ಮೇಲಿದ್ದರೂ ಚಾರ್ಜಿಗೆ ಹಾಕಿಯೇ ಬಿಡುತ್ತೇನೆ, ಯಾಕೆಂದರೆ ಹಳೆಯ ಬ್ಯಾಟರಿ 40 ತೋರಿಸುತ್ತಲೇ ಒಮ್ಮೆಗೇ ಆಫ್ ಆಗುವುದನ್ನು ದಿನವೂ ನೋಡುತ್ತೇನೆ. ಕರೆಂಟಿನ ಭರವಸೆ ಇಲ್ಲದ ದಿನ ಪವರ್ ಬ್ಯಾಂಕ್ ಆದೀತು. ಬ್ಯಾಟರಿ ಸೇವರ್ ಆಫ್ ಇರಲಿ. ಹಿನ್ನೆಲೆಯಲ್ಲಿ ಆಗುವ ಇನ್‌ಸ್ಟಾಲ್ ನಿಧಾನ, ಒಂದು ಗಂಟೆ Installing ಎಂದೇ ಇದ್ದರೆ ಅದು ನಿಂತಿದೆ ಎಂದಲ್ಲ. ದುರಸ್ತಿಗೆಂದೇ ಇರುವ ರಿಕವರಿ ಪರದೆಗೆ ಹೋಗಿ ಅಪ್‌ಡೇಟ್ ಆಗುವ ಹಳೆಯ ಫೋನುಗಳಲ್ಲಿ ಮಾತ್ರ ನಡುವೆ ಆಫ್ ಮಾಡಲೇಬಾರದು, ಮಾಡಿದರೆ ಫೋನು ಎದ್ದೇಳದೇ ಇರಬಹುದು.

ರೈಟರ ಫೋನು ಅಲ್ಲಿಗೆ ಸರಿಯಾಯಿತು. ಸರಿಯಾಗದ ಒಂದು ಬಗೆಯೂ ಇದೆ. ಒಳ್ಳೆಯ ವೈಫೈ, ಬೇಕಾದಷ್ಟು ಜಾಗ, ತುಂಬಿದ ಬ್ಯಾಟರಿ ಎಲ್ಲ ಇದ್ದೂ ಪ್ರತಿ ಸಲ ಹೆಚ್ಚುಕಡಿಮೆ ಅದೇ ಅಂಕಿಗೆ ಬಂದು ಇನ್‌ಸ್ಟಾಲ್ ವಿಫಲವಾಗುವ ಫೋನುಗಳು. ನೆಟ್ ತೊಂದರೆಯಾದರೆ ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತದೆ. ಅದೇ ಜಾಗದಲ್ಲಿ ನಿಂತರೆ ನಾನು ಮೊದಲು ಕೇಳುವುದು ‘ಸೆಕೆಂಡ್ ಹ್ಯಾಂಡಾ?’ ಎಂದು. ಸಣ್ಣ ಅಪ್‌ಡೇಟ್‌ಗಳಲ್ಲಿ ಪೂರ್ತಿ ಸಿಸ್ಟಂ ಇರುವುದಿಲ್ಲ, ಈಗಿರುವುದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಮಾತ್ರ ಇರುತ್ತದೆ. ಹಿಂದಿನ ಮಾಲೀಕರು ರೂಟ್ ಮಾಡಿ, ಅಂದರೆ ಸಿಸ್ಟಮ್ಮಿನ ಮೇಲೆ ಪೂರ್ತಿ ಹಿಡಿತ ಪಡೆದು, ಸಿಸ್ಟಂ ಫೈಲು ಬದಲಿಸಿದ್ದರೆ ಆ ವ್ಯತ್ಯಾಸ ಕೂರುವ ಜಾಗವೇ ಇರುವುದಿಲ್ಲ. ಆನ್ ಮಾಡುವಾಗ, ಫೋನನ್ನು ಎಬ್ಬಿಸುವ ಬೂಟ್‌ಲೋಡರ್ ಅನ್‌ಲಾಕ್ ಆಗಿದೆ ಎಂಬ ಎಚ್ಚರಿಕೆ ಬಂದರೆ ಸಂಶಯ ಗಟ್ಟಿ. ಆಗ ಕಂಪನಿ ಅದೇ ಮಾದರಿಗೆ ಪೂರ್ತಿ ಪ್ಯಾಕೇಜನ್ನು ಅಧಿಕೃತವಾಗಿ ಕೊಡುತ್ತಿದ್ದರೆ, ಬ್ಯಾಕಪ್ ತೆಗೆದು, ವಿಂಡೋಸ್ ಕಂಪ್ಯೂಟರಿನಲ್ಲಿ ಫೈಲಿನಿಂದ ಲೆಕ್ಕಹಾಕಿ ತೆಗೆದ ಸಂಖ್ಯೆಯನ್ನು ಕಂಪನಿ ಪ್ರಕಟಿಸಿದ್ದರ ಜೊತೆ ತಾಳೆ ನೋಡಿ, ರಿಕವರಿಯಲ್ಲಿ Apply update from ADB ಆರಿಸಿ ಹಾಕುತ್ತೇನೆ:

```
certutil -hashfile ota.zip SHA256
adb sideload ota.zip
```

ಕೆಲವು ಫೋನುಗಳಲ್ಲಿ ಕಂಪ್ಯೂಟರ್ ಶೇಕಡಾ 47 ತೋರಿಸಿ ಮುಗಿಸಿಬಿಡುತ್ತದೆ. ಫೋನಿನ ಪರದೆಯಲ್ಲಿ ದೋಷವಿಲ್ಲದಿದ್ದರೆ ಅದು ಸರಿಯಾಗಿಯೇ ಮುಗಿದಿದೆ. ಈಗಿರುವುದಕ್ಕಿಂತ ಹಳೆಯ ಪ್ಯಾಕೇಜನ್ನು ಫೋನು ಒಪ್ಪುವುದಿಲ್ಲ. ಕಂಪನಿ ಪೂರ್ತಿ ಪ್ಯಾಕೇಜ್ ಕೊಡದಿದ್ದರೆ ಸರ್ವಿಸ್ ಸೆಂಟರಿಗೆ ಕಳಿಸುತ್ತೇನೆ, ಎಲ್ಲಿಂದಲೋ ಸಿಕ್ಕ ಫೈಲು ಹಾಕುವುದಿಲ್ಲ.

ಅಪ್‌ಡೇಟ್ ಮುಗಿದ ಮರುದಿನ ರೈಟರು ಮತ್ತೆ ಫೋನ್ ಮಾಡಿದರು: ‘ಅಪ್‌ಡೇಟ್ ಆಯ್ತು ಅಣ್ಣ, ಆದ್ರೆ ಜಾಗ ಇನ್ನೂ ಕಮ್ಮಿನೇ ತೋರಿಸ್ತಿದೆ.’ ಪಕ್ಕದಲ್ಲಿ ಬರೆದಿಟ್ಟ ಬದಲಾವಣೆಗಳನ್ನು ಫೋನು ಸಿಸ್ಟಮ್ಮಿಗೆ ಸೇರಿಸಿ ಮುಗಿಸುವವರೆಗೆ ಆ ಜಾಗ ಬಿಡುಗಡೆಯಾಗುವುದಿಲ್ಲ. ಸ್ವಲ್ಪ ಹೊತ್ತು ಚಾರ್ಜಿಗೆ ಹಾಕಿ ಸುಮ್ಮನೆ ಬಿಡಿ, ಇನ್ನೇನೂ ಅಳಿಸಬೇಡಿ ಎಂದೆ.